ಉಗ್ಗುವವರ ಮಾತು: ಪದವನ್ನು ಬಿಡುವುದೋ, ಸ್ಥಾನವನ್ನು ಬದಲಿಸುವುದೋ?

ಚನ್ನಗಿರಿ ತಾಲ್ಲೂಕಿನ ನಲ್ಲೂರು ಅಡಿಕೆಯ ಸೀಮೆಗೆ ಸೇರಿದ ಊರು. ಅಲ್ಲಿಯ ಒಬ್ಬ ಬೆಳೆಗಾರನಿಗೆ ಉಗ್ಗು ಇದೆಯೆಂದು ಭಾವಿಸೋಣ. ಶಿವಮೊಗ್ಗದ ಮಂಡಿಗೆ ದೂರವಾಣಿಯಲ್ಲಿ ಮಾತನಾಡಿ ಆತನು ಬೆಟ್ಟೆಯ ದರವನ್ನು ವಿಚಾರಿಸಬೇಕಾಗಿದೆ. ‘ಬೆಟ್ಟೆ’ ಎಂಬ ಪದದ ಮೊದಲ ಅಕ್ಷರದಲ್ಲಿಯೇ ತುಟಿಗಳು ಬಿಗಿದುಕೊಳ್ಳುತ್ತವೆ; ಧ್ವನಿ ಹೊರಡುವುದಿಲ್ಲ. ‘ರಾಶಿ’ ಎಂಬುದು ಆತನ ನಾಲಗೆಗೆ ಸುಲಭ. ಆದುದರಿಂದ ಆತನು ರಾಶಿಯ ದರವನ್ನು ಕೇಳಿ ಫೋನನ್ನು ಇಟ್ಟುಬಿಡುತ್ತಾನೆ. ಆದರೆ ರಾಶಿ, ಬೆಟ್ಟೆ, ಸರಕು, ಗೊರಬಲು ಇವು ಅಡಿಕೆಯ ಬೇರೆ ಬೇರೆ ತರಗತಿಗಳು. ಒಂದೊಂದಕ್ಕೂ ಅದರದೇ ದರವುಂಟು. ಆತನ ನಾಲಗೆಗೆ ಅನುಕೂಲವಾಯಿತು; ತಿಳಿಯಬೇಕಾಗಿದ್ದುದು ಮಾತ್ರ ತಿಳಿಯಲಿಲ್ಲ.

ಉಗ್ಗುವವರಿಗೆ ಸುಲಭವಾದ ಪದಗಳನ್ನು ಆರಿಸಿಕೊಳ್ಳಿರೆಂದು ಹೇಳುವ ಹಿತೈಷಿಗಳು ಬಹಳ. ಈ ಸಲಹೆಯಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗಿವೆಯೆಂಬುದು ನಮ್ಮ ಅಭಿಪ್ರಾಯ. ಕಠಿನವಾದ ಪದವನ್ನು ಕೈಬಿಟ್ಟು ಮತ್ತೊಂದನ್ನು ಹೇಳುವುದು ಒಂದು. ಅದೇ ಪದವನ್ನು ವಾಕ್ಯದಲ್ಲಿ ಸುಲಭವಾದ ಜಾಗದಲ್ಲಿ ಇರಿಸುವುದು ಇನ್ನೊಂದು. ಮೊದಲನೆಯದು ಅನೇಕ ವೇಳೆ ಕೇಡನ್ನು ತರುತ್ತದೆ. ಎರಡನೆಯದಕ್ಕೆ ಕನ್ನಡವು ಅಪೂರ್ವವಾದ ಅನುಕೂಲವನ್ನು ಒದಗಿಸಿಕೊಟ್ಟಿದೆ.

ಉಗ್ಗು ಮಾತಿನ ಉದ್ದಕ್ಕೂ ಸಮನಾಗಿ ಹರಡಿರುವುದಿಲ್ಲ. ಅಮೆರಿಕದ ಅಯೋವಾದಲ್ಲಿ ಸ್ಪೆನ್ಸರ್ ಬ್ರೌನ್ ಎಂಬ ವಿದ್ವಾಂಸರು 1930ರ ದಶಕದಿಂದ ಇದನ್ನು ಪರೀಕ್ಷಿಸಿ 1945ರಲ್ಲಿ ತಮ್ಮ ನಿರ್ಣಯಗಳನ್ನು ಒಟ್ಟುಗೂಡಿಸಿದರು. ಇಂಗ್ಲಿಷಿನಲ್ಲಿ ಓದುವ ವಯಸ್ಕರು ನಾಲ್ಕು ಬಗೆಯ ಪದಗಳಲ್ಲಿ ಹೆಚ್ಚಾಗಿ ಉಗ್ಗುವುದನ್ನು ಅವರು ಕಂಡರು: ವ್ಯಂಜನದಿಂದ ಆರಂಭವಾಗುವ ಪದ, ಅರ್ಥದ ಭಾರವನ್ನು ಹೊತ್ತ ಪದ, ಉದ್ದವಾದ ಪದ, ವಾಕ್ಯದ ಆದಿಯಲ್ಲಿ ಬರುವ ಪದ. ತಡೆ ಬರುವುದಾದರೂ ಬಹುಮಟ್ಟಿಗೆ ಪದದ ಮೊದಲ ಧ್ವನಿಯಲ್ಲಿ ಅಥವಾ ಮೊದಲ ಅಕ್ಷರದಲ್ಲಿ. ನಡುವಿನಲ್ಲಿ ಬರುವುದು ವಿರಳ. ನಮ್ಮ ಬೆಳೆಗಾರನು ‘ಬೆಟ್ಟೆಯ ದರ ಎಷ್ಟು?’ ಎಂದು ಆರಂಭಿಸುವಾಗ ವ್ಯಂಜನ, ಅರ್ಥಭಾರ, ಆದಿಸ್ಥಾನ ಈ ಮೂರೂ ಒಂದೇ ಪದದ ಮೇಲೆ ಬಂದು ಕೂರುತ್ತವೆ. ವ್ಯಂಜನವನ್ನೂ ಅರ್ಥವನ್ನೂ ಬದಲಿಸಲಾಗದು. ಸ್ಥಾನವನ್ನು ಬದಲಿಸಬಹುದು.

ವ್ಯಂಜನಗಳೆಲ್ಲವೂ ಒಂದೇ ತೆರನಾದವಲ್ಲ. ಇದನ್ನು ತಿಳಿಯಲು ನಾವು ಬಾಲ್ಯದಲ್ಲಿ ಕಲಿತ ವರ್ಣಮಾಲೆಯೇ ಸಾಕು. ಕ, ಚ, ಟ, ತ, ಪ ಎಂಬ ಐದು ವರ್ಗಗಳ ಮೊದಲ ನಾಲ್ಕು ಅಕ್ಷರಗಳಲ್ಲಿ ಗಾಳಿಯ ದಾರಿ ಒಂದು ಕ್ಷಣ ಪೂರ್ತಿಯಾಗಿ ಮುಚ್ಚುತ್ತದೆ. ಅವುಗಳಲ್ಲಿ ಮೊದಲ ಎರಡನ್ನು, ಎಂದರೆ ಕ, ಖ ಮೊದಲಾದವನ್ನು ನುಡಿಯುವಾಗ ಕಂಠದ ಧ್ವನಿತಂತುಗಳು ಅಲುಗುವುದೂ ಇಲ್ಲ. ಮುಂದಿನ ಸ್ವರಕ್ಕಾಗಿ ಅವು ಹೊಸದಾಗಿ ಕೂಡಿ ಕಂಪಿಸಬೇಕು. ಐದನೆಯದಾದ ಅನುನಾಸಿಕದಲ್ಲಿ ಬಾಯಿ ಮುಚ್ಚಿದ್ದರೂ ಮೂಗಿನ ದಾರಿ ತೆರೆದಿರುತ್ತದೆ, ಧ್ವನಿಯೂ ಆದಿಯಿಂದಲೇ ಇರುತ್ತದೆ. ಮ, ನ ಗಳನ್ನು ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ಪ, ಕ ಗಳನ್ನು ಎಳೆಯಲಾಗದು. ಯ, ರ, ಲ, ವ ಗಳೂ ಗಾಳಿಯನ್ನು ಅಷ್ಟಾಗಿ ತಡೆಯುವುದಿಲ್ಲ. ಆದಕಾರಣ ‘ನಲ್ಲೂರು’ ಎಂಬ ಹೆಸರು ‘ಚನ್ನಗಿರಿ’, ‘ದಾವಣಗೆರೆ’ ಎಂಬ ಹೆಸರುಗಳಿಗಿಂತ ಮೆಲ್ಲಗೆ ಆರಂಭಿಸಲು ಒದಗುತ್ತದೆ.

ಇದು ಎಲ್ಲರಿಗೂ ಅನ್ವಯಿಸುವ ನಿಯಮವಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಕೆಲವರಿಗೆ ‘ಅ’ಕಾರದಲ್ಲಿಯೇ ಕಂಠ ಬಿಗಿಯುತ್ತದೆ. ಕೆಲವರಿಗೆ ತಮ್ಮ ಹೆಸರಿನ ಮೊದಲ ಅಕ್ಷರ, ಅದು ಎಷ್ಟೇ ಮೃದುವಾಗಿರಲಿ, ಎಲ್ಲಕ್ಕಿಂತ ಕಠಿನವಾಗಿರುತ್ತದೆ. ಭಯವು ವರ್ಣಮಾಲೆಯನ್ನು ಅನುಸರಿಸಿ ನಡೆಯುವುದಿಲ್ಲ. ಯಾವುದು ಸುಲಭವೆಂಬುದನ್ನು ಆಯಾ ವ್ಯಕ್ತಿಯೇ ಕಂಡುಕೊಳ್ಳಬೇಕು.

ಇನ್ನು ಸ್ಥಾನದ ವಿಚಾರ. ಇಂಗ್ಲಿಷಿನಲ್ಲಿ ಕರ್ತೃವನ್ನೂ ಕರ್ಮವನ್ನೂ ಅದಲುಬದಲು ಮಾಡಿದರೆ ಅರ್ಥವೇ ತಿರುಗಿಬೀಳುತ್ತದೆ. ಕನ್ನಡದಲ್ಲಿ ವಿಭಕ್ತಿಪ್ರತ್ಯಯವು ಪದದೊಡನೆಯೇ ಸಾಗುವುದರಿಂದ ಪದಗಳು ಸ್ಥಳ ಬದಲಿಸಿದರೂ ಸಂಬಂಧ ಕೆಡುವುದಿಲ್ಲ. ‘ದಾವಣಗೆರೆಗೆ ನಾಳೆ ಹೋಗುತ್ತೇನೆ’ ಎಂದರೂ ‘ನಾಳೆ ದಾವಣಗೆರೆಗೆ ಹೋಗುತ್ತೇನೆ’ ಎಂದರೂ ಹೋಗುವ ಊರು ಒಂದೇ. ಕ್ರಿಯಾಪದವೇ ಪುರುಷವಾಚಕವನ್ನು ಸೂಚಿಸುವುದರಿಂದ ‘ನಾನು’ ಎಂಬುದನ್ನು ಬೇಕೆಂದಾಗ ಸೇರಿಸಬಹುದು, ಬೇಡವೆಂದಾಗ ಬಿಡಬಹುದು.

ನಮ್ಮ ಬೆಳೆಗಾರನ ವಾಕ್ಯವನ್ನು ಈಗ ಮರಳಿ ಕಟ್ಟೋಣ: ‘ಯಜಮಾನರೆ, ಇವತ್ತು ನಿಮ್ಮಲ್ಲಿ ಬೆಟ್ಟೆಯ ದರ ಎಷ್ಟು?’ ಆರಂಭದ ಸಂಬೋಧನೆ ‘ಯ’ಕಾರದಿಂದ ಮೃದುವಾಗಿ ಹೊರಡುತ್ತದೆ, ಅದು ಮರ್ಯಾದೆಯ ಮಾತೂ ಹೌದು. ಬೆಟ್ಟೆ ನಾಲ್ಕನೆಯ ಪದವಾಗಿದೆ. ಅದಕ್ಕೆ ಮುಂಚಿನ ‘ನಿಮ್ಮಲ್ಲಿ’ ಸ್ವರಾಂತವಾಗಿರುವುದರಿಂದ ಆ ಇಕಾರದ ಧ್ವನಿಯನ್ನು ನಿಲ್ಲಿಸದೆ ‘ಬೆ’ಕಾರದೊಳಕ್ಕೆ ಸಾಗಿಸಬಹುದು, ಎರಡು ಪದಗಳೂ ಒಂದೇ ಪದದಂತೆ ಕೂಡಿಕೊಳ್ಳುತ್ತವೆ. ಪದದ ಆದಿಯಲ್ಲಿದ್ದ ತೊಡಕು ಹೀಗೆ ಉಸಿರಿನ ನಡುವಿಗೆ ಬಂದಿತು. ಅಚ್ಚಗನ್ನಡ ಪದಗಳು ಬಹುಪಾಲು ಸ್ವರಾಂತವಾಗಿರುವುದರಿಂದ ಇಂಥ ಬೆಸುಗೆಗೆ ಎಡೆ ಹೆಚ್ಚು. ನಮ್ಮ ವ್ಯಾಕರಣದ ಆದೇಶಸಂಧಿಯಲ್ಲಿಯೂ ಇದನ್ನು ಹೋಲುವ ವ್ಯಾಪಾರ ನಡೆದಿದೆ: ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’ವಾಗುವಾಗ ಧ್ವನಿಯಿಲ್ಲದ ಕಕಾರವು ಧ್ವನಿಯುಳ್ಳ ಗಕಾರವಾಗಿ, ಕಂಠದ ಕಂಪನ ನಡುವೆ ಕಡಿಯದಂತಾಗುತ್ತದೆ.

ಈ ಸ್ವಾತಂತ್ರ್ಯಕ್ಕೂ ಮೇರೆಯುಂಟು. ವಿಶೇಷಣವು ನಾಮಪದದ ಹಿಂದೆಯೇ ಇರಬೇಕು. ‘ಚನ್ನಗಿರಿ ಬಸ್ಸು’ ಎಂಬುದನ್ನು ‘ಬಸ್ಸು ಚನ್ನಗಿರಿ’ ಎನ್ನಲಾಗದು. ಆದರೆ ‘ಈ ಬಸ್ಸು ಚನ್ನಗಿರಿಗೆ ಹೋಗುವುದೆ?’ ಎಂದು ಇಡೀ ವಾಕ್ಯವನ್ನು ನುಡಿದರೆ ಊರಿನ ಹೆಸರು ತಾನಾಗಿ ಒಳಕ್ಕೆ ಸರಿಯುತ್ತದೆ. ಕ್ರಿಯಾಪದದ ಬೆನ್ನಿಗೇ ಇರುವ ಪದಕ್ಕೆ ಒತ್ತು ಬೀಳುವ ವಾಡಿಕೆಯಿದೆ; ಆದುದರಿಂದ ಕ್ರಮ ಬದಲಾದರೆ ಒತ್ತೂ ಸ್ವಲ್ಪ ಬದಲಾಗುತ್ತದೆ. ಒಂದೇ ಪದದಲ್ಲಿ ಉತ್ತರಿಸಬೇಕಾದ ಕಡೆ ಈ ಉಪಾಯ ನಡೆಯುವುದೇ ಇಲ್ಲ. ಆಗ ಬದಲಿಸಬೇಕಾದುದು ಪದವನ್ನಲ್ಲ, ಆರಂಭಿಸುವ ರೀತಿಯನ್ನು: ಸ್ವಲ್ಪ ಉಸಿರನ್ನು ಹೊರಬಿಡುತ್ತ, ತುಟಿ ನಾಲಗೆಗಳನ್ನು ಹಗುರವಾಗಿ ತಾಗಿಸಿ, ಮೊದಲ ಅಕ್ಷರವನ್ನು ನಿಧಾನವಾಗಿ ಎಳೆಯುವುದು. ಇದನ್ನು ವಾಕ್‌ಚಿಕಿತ್ಸಕರ ಎದುರಿನಲ್ಲಿ ಕಲಿಯುವುದು ಲೇಸು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಉಗ್ಗಿಗೆ ಚಿಕಿತ್ಸೆಯುಂಟು.

ಒಂದು ಉಪಾಯದಿಂದ ಗುಣ ದೊರೆಯಿತೇ ಎಂದು ತಿಳಿಯುವುದು ತೋರುವಷ್ಟು ಸುಲಭವಲ್ಲ. ಒಂದೇ ಲೇಖನವನ್ನು ಮತ್ತೆ ಮತ್ತೆ ಓದಿದರೆ ಉಗ್ಗು ಓದಿನಿಂದ ಓದಿಗೆ ಕಡಮೆಯಾಗುತ್ತ ಹೋಗುವುದೆಂಬುದು 1930ರ ದಶಕದಲ್ಲಿಯೇ ಅಯೋವಾದಲ್ಲಿ ಗೊತ್ತಾಗಿತ್ತು. ಹಳೆಯ ಕ್ರಮದ ವಾಕ್ಯವನ್ನು ಮೊದಲು ಓದಿ, ಹೊಸ ಕ್ರಮದ್ದನ್ನು ಅನಂತರ ಓದಿದರೆ, ಎರಡನೆಯದು ಸುಲಭವಾಗಿ ಕಾಣುವುದಕ್ಕೆ ಪುನರಾವೃತ್ತಿಯೊಂದೇ ಸಾಕು. ಆದುದರಿಂದ ಹತ್ತು ವಾಕ್ಯಗಳನ್ನು ಎರಡು ಕ್ರಮಗಳಲ್ಲಿ ಬರೆದುಕೊಂಡು, ಒಂದು ದಿನ ಹಳೆಯದನ್ನು ಮೊದಲು, ಬೇರೊಂದು ದಿನ ಹೊಸದನ್ನು ಮೊದಲು ಓದಿ, ತಡೆದ ಪದಗಳಿಗೆ ಗುರುತು ಹಾಕಬೇಕು. ಒಬ್ಬರೇ ಕುಳಿತು ಓದಿದರೆ ಅನೇಕರಿಗೆ ಉಗ್ಗು ಬರುವುದೇ ಇಲ್ಲ; ಕೇಳುವವರೊಬ್ಬರು ಇರಬೇಕು. ಎರಡು ದಿನಗಳಲ್ಲಿಯೂ ಹೊಸ ಕ್ರಮವೇ ಮೇಲಾದರೆ ಮಾತ್ರ ಅದನ್ನು ನಂಬಬಹುದು.

ಪದವನ್ನು ಕೈಬಿಡುವುದನ್ನು ನಾವೇಕೆ ಒಪ್ಪುವುದಿಲ್ಲ? ತಪ್ಪು ದರವನ್ನು ಕೇಳಿದ ನಷ್ಟ ಅಂದಿಗೆ ತೀರುತ್ತದೆ. ಆದರೆ ಬೆಟ್ಟೆಯನ್ನು ತಪ್ಪಿಸಿಕೊಂಡಾಗ ದೊರೆಯುವ ನೆಮ್ಮದಿ, ಆ ಪದ ಭಯಂಕರವೆಂಬ ನಂಬಿಕೆಯನ್ನು ಇನ್ನಷ್ಟು ಬಲಪಡಿಸುತ್ತದೆ. ಕೆಲವು ದಿನಗಳಲ್ಲಿ ಬದಲಿಯಾಗಿ ಬಂದ ಪದಕ್ಕೂ ಭಯ ಅಂಟಿಕೊಳ್ಳಬಹುದು. ಚಾರ್ಲ್ಸ್ ವ್ಯಾನ್ ರೈಪರ್, ಜೋಸೆಫ್ ಶೀಹನ್ ಮೊದಲಾದ ಚಿಕಿತ್ಸಕರು, ಸ್ವತಃ ಉಗ್ಗನ್ನು ಅನುಭವಿಸಿದವರು, ಈ ತಪ್ಪಿಸಿಕೊಳ್ಳುವ ಅಭ್ಯಾಸವನ್ನೇ ಉಗ್ಗಿನ ದೊಡ್ಡ ಭಾಗವೆಂದು ಬಗೆದರು. ಮಾತಿನ ಮೊದಲಿಗೆ ‘ಅದೇ’, ‘ಅಂದರೆ’ ಎಂದು ಸೇರಿಸುವ ಊರುಗೋಲುಗಳ ಗತಿಯೂ ಇದೇ: ಮೊದಮೊದಲು ನೆರವಾಗುತ್ತವೆ, ಅನಂತರ ಬಲವಿಲ್ಲದಾಗಿ ಬರಿಯ ರೂಢಿಯಾಗಿ ಉಳಿಯುತ್ತವೆ. ಸ್ಥಾನಪಲ್ಲಟವೂ ಹೀಗೆ ಆಗಬಾರದೆಂದೇನೂ ಇಲ್ಲ. ಅದನ್ನು ಅಳೆಯುವ ಒರೆಗಲ್ಲು ಒಂದೇ: ಹೇಳಬೇಕೆಂದಿದ್ದ ಪದ ಕೊನೆಗೆ ಬಾಯಿಂದ ಬಂದಿತೇ? ಉಗ್ಗಿಯಾದರೂ ಬಂದಿದ್ದರೆ ಉಪಾಯ ನೆರವಾಯಿತು. ಬಾರದಿದ್ದರೆ ಅದು ಅಡಗುವ ತಾಣವಾಯಿತು.

ಬೇರೆಯವರು ಬರೆದುಕೊಟ್ಟ ಮಾತನ್ನು ಉಗ್ಗುವವರು ಒಪ್ಪಿಸಬೇಕಾದಾಗ ಸಂಗತಿ ಸ್ವಲ್ಪ ಬೇರೆ. ಇಂಗ್ಲೆಂಡಿನ ದೊರೆ ಆರನೆಯ ಜಾರ್ಜರ ಭಾಷಣಗಳಲ್ಲಿ ಲಯನಲ್ ಲೋಗ್ ಎಂಬ ಚಿಕಿತ್ಸಕರು ನಿಲುಗಡೆಗಳನ್ನು ಗುರುತಿಸಿ, ತೊಡಕಿನ ಪದಗಳನ್ನು ಬದಲಿಸುತ್ತಿದ್ದರು. ನಮ್ಮ ಶಾಲೆಗಳಲ್ಲಿ ಗಣರಾಜ್ಯೋತ್ಸವದ ಭಾಷಣವನ್ನು ಬರೆದುಕೊಡುವ ಉಪಾಧ್ಯಾಯರೂ ಇದನ್ನು ಮಾಡಬಲ್ಲರು. ‘ಪೂಜ್ಯ ಗುರುಗಳೆ’ ಎಂಬುದರ ಬದಲು ‘ಮಾನ್ಯ ಗುರುಗಳೆ’ ಎಂದರೆ ಗೌರವಕ್ಕೆ ಕುಂದಿಲ್ಲ. ‘ಪ್ರೀತಿಯ ಸ್ನೇಹಿತರೆ’ ಎಂಬುದಕ್ಕೆ ಮೊದಲು ‘ನನ್ನ’ ಎಂದು ಸೇರಿಸಿದರೆ ಅರ್ಥಕ್ಕೆ ನಷ್ಟವಿಲ್ಲ. ಇಲ್ಲಿ ಬಿಟ್ಟುಹೋದ ಪದ ಮಗುವಿನದಲ್ಲ, ಬರೆದವರದು. ಆದರೆ ಯಾವ ಅಕ್ಷರ ತೊಡಕೆಂಬುದನ್ನು ಮೊದಲು ಮಗುವನ್ನೇ ಏಕಾಂತದಲ್ಲಿ ಕೇಳಬೇಕು. ಉಪಾಧ್ಯಾಯರು ಊಹಿಸಿ ಬರೆದರೆ ಮಗುವಿನ ಸುಲಭವಾದ ಪದವೇ ಹೊರಟುಹೋಗಬಹುದು.

ಹಾಜರಿಯ ವೇಳೆಯಲ್ಲಿ ಮಾತ್ರ ಮಗುವಿಗೆ ಯಾವ ದಾರಿಯೂ ಇಲ್ಲ. ಪದ ಒಂದೇ, ಸ್ಥಾನ ಒಂದೇ, ಹೇಳಬೇಕಾದ ಕ್ಷಣವೂ ಇತರರು ಗೊತ್ತುಮಾಡಿದ್ದು. ತರಗತಿಯಲ್ಲೆಲ್ಲರೂ ‘ಹಾಜರ್’ ಎಂದೇ ಹೇಳಬೇಕೆಂಬ ಕಟ್ಟುಪಾಡಿನಿಂದ ಹಾಜರಿ ಪುಸ್ತಕಕ್ಕೆ ಯಾವ ಲಾಭವೂ ಇಲ್ಲ. ‘ಬಂದಿದ್ದೇನೆ’, ‘ಇದ್ದೇನೆ ಸಾರ್’, ಅಥವಾ ಎತ್ತಿದ ಕೈ, ಯಾವುದಾದರೂ ಸಾಕೆಂದು ಇಡೀ ತರಗತಿಗೆ ಹೇಳಿಬಿಡಬೇಕು. ಒಬ್ಬನಿಗೇ ವಿನಾಯಿತಿ ಕೊಟ್ಟರೆ ಅವನನ್ನು ಎತ್ತಿ ತೋರಿಸಿದಂತಾಗುತ್ತದೆ. ಮಂಡಿಯಲ್ಲಿ ಫೋನನ್ನು ಎತ್ತಿಕೊಳ್ಳುವವರಿಗೂ ನಮ್ಮದೊಂದು ಮಾತು. ಅತ್ತ ಕಡೆಯಿಂದ ‘ಬೆ’ ಎಂಬ ಧ್ವನಿ ತಡೆದು ನಿಂತಾಗ ಪದವನ್ನು ನೀವೇ ಪೂರ್ತಿಮಾಡಬೇಡಿ, ಸಂಪರ್ಕ ಕಡಿಯಿತೆಂದು ಇಟ್ಟುಬಿಡಲೂ ಬೇಡಿ. ಅದು ಬೆಟ್ಟೆಯ ದರವನ್ನು ಕೇಳಲು ಹೊರಟ ಮಾತು. ಪೂರ್ತಿಯಾಗಲು ಇನ್ನೂ ಕೆಲವು ಕ್ಷಣಗಳು ಬೇಕು, ಅಷ್ಟೆ.