ಬಿಸಿ ಮಾಡಿದ್ರೆ ಎಲ್ಲಾ ಸರಿಹೋಗಲ್ಲ | ರೂಮ್ ಅಡುಗೆ, ಭಾಗ 4

ರಾಮನಗರದಲ್ಲಿ ರೂಮ್ ಮಾಡ್ಕೊಂಡಿರೋ ನಾವು ಏನ್ ಮಾಡ್ತೀವಿ? ಭಾನುವಾರ ಮಧ್ಯಾಹ್ನ 1 ಗಂಟೆಗೆ ವಾರಕ್ಕಾಗೋಷ್ಟು ಅನ್ನ ಮಾಡಿ, ಕುಕ್ಕರಲ್ಲೇ ಬಿಟ್ಟು, ಸಂಜೆ 6ಕ್ಕೆ ಫ್ರಿಜ್‌ಗೆ ಇಡ್ತೀವಿ. ಸೋಮವಾರ ಅದಕ್ಕೇ ಒಗ್ಗರಣೆ ಹಾಕಿದ್ರೆ ಚಿತ್ರಾನ್ನ. "ಚೆನ್ನಾಗಿ ಬಿಸಿ ಮಾಡಿದೀನಲ್ಲ" ಅಂತೀರಾ? ತಪ್ಪಾಗಿರೋದು ಆ 5 ಗಂಟೆಯಲ್ಲಿ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಇರ್ತವೆ. ಅನ್ನ ಬೆಂದರೂ ಅವು ಸಾಯಲ್ಲ. ಅನ್ನ ಉಗುರುಬೆಚ್ಚಗೆ ಹೊರಗಿದ್ದಾಗ ಬೆಳೆದು ವಿಷ ಬಿಡ್ತವೆ. ಆ ವಿಷ ಮತ್ತೆ ಕುದಿಸಿದ್ರೂ ಹೋಗಲ್ಲ, ವಾಸನೆಯಿಂದಲೂ ಗೊತ್ತಾಗಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ.

ಹಾಗಾಗಿ ನನ್ನ ಪ್ರಕಾರ ವಾರದ ಅಡುಗೆಯಲ್ಲಿ ಬಿಸಿ ಮಾಡೋದಕ್ಕಿಂತ ಬೇಗ ತಣ್ಣಗೆ ಮಾಡೋದೇ ಮುಖ್ಯ. ಅನ್ನವನ್ನ ಅಗಲ ತಟ್ಟೆಗೆ ತೆಳ್ಳಗೆ ಹರಡಿ, 1 ಗಂಟೆಯೊಳಗೆ ಸಣ್ಣ ಡಬ್ಬಿಗಳಲ್ಲಿ ಫ್ರಿಜ್‌ಗೆ ಇಡಿ. ನಾಳೆಗೆ ಬೇಕಾದಷ್ಟು ಕೆಳಗೆ, ಮಿಕ್ಕಿದ್ದು ಅವತ್ತೇ ಫ್ರೀಜರ್‌ಗೆ. ಬೇಳೆ ಸಾರು, ಕೋಳಿ ಸಾರೂ ಸಣ್ಣ ಡಬ್ಬಿಗಳಿಗೆ. ಫ್ರಿಜ್‌ನಲ್ಲಿ 3 ದಿನ, ಅಷ್ಟೇ. ತಿನ್ನೋಷ್ಟು ಮಾತ್ರ ತೆಗೆದು, ಸಾರು ಕುದಿಯೋವರೆಗೆ, ಅನ್ನ ಹಬೆಯಾಡೋವರೆಗೆ ಒಂದೇ ಸಲ ಬಿಸಿ ಮಾಡಿ.

ಮಧ್ಯಾಹ್ನದಿಂದ ಹೊರಗಿದ್ದ ಅನ್ನ? ಚೆಲ್ಲಿಬಿಡಿ. ಬಿಕಾಂನವರಲ್ವಾ, ಸಣ್ಣ ನಷ್ಟ ಬರ್ಕೊಳ್ಳೋದು ನಮಗೆ ಗೊತ್ತು.