ಹೊತ್ತು ಅಂದ್ರೆ ಹೊತ್ತು, ಅರುಣೋದಯ ಅಲ್ಲ

ಹೋದ ವಾರ ನಮ್ಮ ಬೀದಿಯ ಒಂದು ಹುಡುಗಿ ಊರಿಗಾಂ ಸ್ಟೇಷನ್ನಿಂದ ಸೂರ್ಯ ಹುಟ್ಟೋ ಫೋಟೋ ತೆಗೆದು, ಕೆಳಗೆ ಎರಡು ಸಾಲು ಬರೆದು ಒಂದು ವಾಟ್ಸಾಪ್ ಗುಂಪಿಗೆ ಹಾಕಿದಳು:

ಗುಡ್ಡದ ಮೇಲೆ ಸೂರ್ಯ ಬಂದಿತು
ಅಮ್ಮನ ರೈಲು ಹೊರಟು ಹೋಯಿತು

ಅಲ್ಲೊಬ್ಬರು ಸಾಹಿತ್ಯ ಬಲ್ಲವರು. "ಇದು ಶಿಶುಗೀತೆ, ಕನ್ನಡ ಬರದವರ ಪ್ರಾಸ" ಅಂತ ಹೇಳಿ ತಾವೇ "ತಿದ್ದಿ" ಕೊಟ್ಟರು:

ಅರುಣೋದಯದ ಹೊಂಗಿರಣಗಳ ಪ್ರಭೆಯಲ್ಲಿ
ನವಚೈತನ್ಯ ಮೂಡಲಿ ನಿಮ್ಮ ಮನದಲ್ಲಿ

ಹುಡುಗಿ ಫೋಟೋನೇ ಅಳಿಸಿಬಿಟ್ಟಳು. ಆ ಮಗುವಿನ ಮನೆಮಾತು ತಮಿಳು. ಕನ್ನಡವನ್ನ ಶಾಲೆಯಲ್ಲಿ, ಬೀದಿಯಲ್ಲಿ ದುಡಿದು ಸಂಪಾದಿಸಿದ್ದಾಳೆ. ಅದನ್ನ ಒಂದು ಮೆಸೇಜಲ್ಲಿ ಕಿತ್ಕೊಂಡರು. ಅದಕ್ಕೇ ಈ ಪೋಸ್ಟ್.

ಮೊದಲು ಆ ಮಹನೀಯರ ಸಾಲನ್ನೇ ನೋಡೋಣ. ಅರುಣೋದಯ, ಹೊಂಗಿರಣ, ಪ್ರಭೆ: ಮೂರೂ ಬೆಳಕೇ. ಒಂದೇ ಸಾಲಲ್ಲಿ ಮೂರು ಸಲ ಬೆಳಕು, ಆದರೂ ಏನೂ ಕಾಣಲ್ಲ. ಪ್ರಾಸ? ಕೊನೆಯ "ಅಲ್ಲಿ" ತೆಗೆದುಬಿಡಿ. ಉಳಿಯೋದು ಪ್ರಭೆ ಮತ್ತು ಮನ. ಎಲ್ಲಿದೆ ಪ್ರಾಸ? ಕನ್ನಡದಲ್ಲಿ ಅಲ್ಲಿ, ಇಂದ, ಗಳು ಅಂತ ಪ್ರತ್ಯಯ ಅಂಟಿಸಿದರೆ ಯಾವ ಪದವೂ ಯಾವ ಪದಕ್ಕೂ ಹೊಂದಿದ ಹಾಗೆ ಕೇಳುತ್ತೆ. ಬಾಲ ಕತ್ತರಿಸಿದ ಮೇಲೂ ಹೊಂದಿದರೆ ಮಾತ್ರ ಅದು ಪ್ರಾಸ.

ನಿಜ ಹೇಳಬೇಕು, ಹುಡುಗಿಯ ಸಾಲಲ್ಲೂ ಅದೇ ತಪ್ಪಿತ್ತು. ಬಂದಿತು, ಹೋಯಿತು: "ಇತು" ತೆಗೆದರೆ ಏನೂ ಇಲ್ಲ. ಜೊತೆಗೆ ಅವು ಪಠ್ಯಪುಸ್ತಕದ ಪದ. ಭಾನುವಾರ ಅವಳನ್ನ ಕೂರಿಸಿಕೊಂಡು ಕೇಳಿದೆ: "ಅಮ್ಮ ಬೆಳಿಗ್ಗೆ ನನಗೆ ಏನಂತ ಹೇಳಿ ಓಡ್ತಾರಮ್ಮ?" "ಹೊತ್ತಾಯ್ತಣ್ಣ, ಗಾಡಿ ಹೋಗುತ್ತೆ ಅಂತಾರೆ ಅಂಕಲ್" ಅಂದಳು. ಪದಗಳೆಲ್ಲ ಅದರಲ್ಲೇ ಇದ್ದವು. ಅರ್ಧ ಗಂಟೆಯಲ್ಲಿ ಅವಳೇ ಬರೆದಳು:

ಗುಡ್ಡದ ಮೇಲೆ ಹೊತ್ತು ನೋಡಿ
ಅಮ್ಮ ಗಾಡಿ ಹಿಡಿದ್ಲು ಓಡಿ

ಈಗ ಬಾಲ ಕತ್ತರಿಸಿ. ನೋಡ್, ಓಡ್. ಪ್ರಾಸ ಅಲುಗಾಡಲ್ಲ. ಸಾಲಿಗೆ ನಾಲ್ಕೇ ಪದ. ಮಾತ್ರೆ ಲೆಕ್ಕ ಹಾಕೋರು ಹಾಕಿ: ಎರಡೂ ಸಾಲು 13. ಅವಳು ಎಣಿಸಿ ಬರೆದಿದ್ದಲ್ಲ, ಚಪ್ಪಾಳೆ ತಟ್ಟಿಕೊಂಡು ಓದಿ ಓದಿ ಸರಿ ಮಾಡಿದ್ದು. "ಹಿಡಿದ್ಲು" ಅನ್ನೋದನ್ನ "ಹಿಡಿದಳು" ಮಾಡಿದರೂ ತೂಕ ತಪ್ಪಲ್ಲ, ಆದರೆ ಆ ಓಟ ಹೋಗುತ್ತೆ. ಎಲ್ಲಕ್ಕಿಂತ ದೊಡ್ಡದು "ಹೊತ್ತು". ಅದು ಸೂರ್ಯನೂ ಹೌದು, ಟೈಮೂ ಹೌದು. ಸೂರ್ಯನನ್ನ ನೋಡಿದ ತಾಯಿಗೆ ಅಲ್ಲಿ ಗಡಿಯಾರ ಕಂಡಿತು. ಅರುಣೋದಯಕ್ಕೆ ಆ ಶಕ್ತಿ ಇದೆಯೇನ್ರಿ?

ಇನ್ನೊಂದು ಮಾತು. ಪ್ರಾಸ ಸಿಕ್ಕಿತು ಅಂತ ಸುಳ್ಳು ಹೇಳಬಾರದು. ನಮ್ಮೂರಲ್ಲಿ ಸೂರ್ಯೋದಯ ಅಂದರೆ ಎಲ್ಲರಿಗೂ ಮೊದಲು ಬರೋ ಪದ "ಚಿನ್ನ". 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ನಮಗೆ ಉಳಿದಿದ್ದು ಸೈನೈಡ್ ಗುಡ್ಡ, ಅದರ ಧೂಳು, ಮತ್ತೆ ಬೆಂಗಳೂರಿಗೆ ಹೋಗೋ ರೈಲು. ಆಕಾಶ ಚಿನ್ನದ ಹೊಳೆ ಅಂತ ಬರೆದರೆ ಯಾರಿಗೆ ಮೋಸ? ಆ ಪದ ಬೇಕೇ ಬೇಕು ಅಂದ್ರೆ ಎರಡನೇ ಸಾಲು ಮೊದಲನೇ ಸಾಲಿಗೆ ಲೆಕ್ಕ ಕೇಳಬೇಕು:

ಬಾನಲ್ಲಿ ಕಂಡರೆ ಸಾಕೇ ಚಿನ್ನ
ಬೆಂಗಳೂರಲ್ಲಿ ದುಡಿದ್ರೆ ಅನ್ನ

"ಪ್ರಾಸದ ಕಾಲ ಮುಗೀತು" ಅಂತಾನೂ ಕೆಲವರು ಬರ್ತಾರೆ. ಸ್ವಾಮೀ, 1911ರಲ್ಲಿ ಮಂಜೇಶ್ವರದ ಗೋವಿಂದ ಪೈ ಬಿಟ್ಟಿದ್ದು ಆದಿಪ್ರಾಸವನ್ನ, ಸಾಲಿನ ಎರಡನೇ ಅಕ್ಷರ ಹೊಂದಬೇಕು ಅನ್ನೋ ಪಂಡಿತರ ಕಟ್ಟನ್ನ. ಅದನ್ನ ಬಿಟ್ಟು ಬರೆದ ಪದ್ಯದ ಹೆಸರೇ "ಹೊಲೆಯನು ಯಾರು". ನಾವು ಹೇಳ್ತಿರೋದು ಕೊನೆಯ ಪ್ರಾಸ. ನಮ್ಮ ಮೆರವಣಿಗೆಯ ಘೋಷಣೆ ನಿಂತಿರೋದೇ ಅದರ ಮೇಲೆ. ಅಕ್ಷರ ಬರದ ಅಜ್ಜಿಯೂ ಒಂದು ಸಲ ಕೇಳಿ ವಾಪಸ್ ಹೇಳ್ತಾಳೆ.

ನಾನು ಆಫೀಸಲ್ಲಿ ಗುಮಾಸ್ತ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ದಿನವಿಡೀ ಬರೆಯೋ ಕೈ ಇದು. ಭಾರದ ಪದ ಯಾತಕ್ಕೆ ಬಳಸ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು: ಯಾರು ಏನು ಮಾಡಿದರು ಅನ್ನೋದು ಕಾಣಬಾರದು ಅಂತ. ಆ ಹುಡುಗಿಯ ಸಾಲಲ್ಲಿ ಅಮ್ಮ ಕಾಣ್ತಾಳೆ, ಗಾಡಿ ಕಾಣುತ್ತೆ. ಅದೇ ಅವರಿಗೆ ಚುಚ್ಚಿದ್ದು.

ಫೋಟೋ ಮತ್ತೆ ಹಾಕಿದ್ದಾಳೆ. ಈ ಸಲ ಅಳಿಸಲ್ಲ.

ಜೈ ಭೀಮ್.