ಅಜ್ಜಿ ಆಡಿದ ನಾಲ್ಕು ಮಾತು

ಮಕ್ಕಳೇ, ಕೂಟಗಲ್‌ನ ನೆಂಟರ ಮನೆಯಲ್ಲಿ ಹೋದ ಭಾನುವಾರ ಸಣ್ಣ ಔತಣವಿತ್ತು. ಆ ಮನೆಯ ಮೊಮ್ಮಗ ಬೆಂಗಳೂರಿನಲ್ಲಿ ನೋಟಿಸು ಕೊಟ್ಟು, 30 ದಿನ ಕಾದು, ಮೂವರು ಸಾಕ್ಷಿಗಳ ಮುಂದೆ ರಿಜಿಸ್ಟರ್ ಮದುವೆಯಾಗಿದ್ದ. ಹೆಂಡತಿಯೊಡನೆ ಮೊದಲ ಸಲ ಊರಿಗೆ ಬಂದಿದ್ದ.

"ನಮ್ಮನ್ನು ಕರೆಯಲೇ ಇಲ್ಲವಲ್ಲ" ಎಂದು ಯಾರೋ ಗೊಣಗಿದರು. ಹುಡುಗಿ ತಲೆ ತಗ್ಗಿಸಿದಳು. ಅಜ್ಜಿ ಎದ್ದು ನಿಂತರು.

"ಧಾರೆ ನೋಡೋ ಆಸೆ ನನಗೂ ಇತ್ತು. ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ? ಅದು ಇವತ್ತಿಗೆ ಮುಗೀತು. ಬಾರವ್ವ, ಇವರು ನಿನ್ನತ್ತೆ, ಇವನು ಮೈದುನ, ನಾನು ನಿನ್ನಜ್ಜಿ. ಎಲೆ ಹಾಕ್ರಪ್ಪ!"

ಗಮನಿಸಿದಿರಾ? ನೋವನ್ನು ಒಮ್ಮೆ ಮಾತ್ರ ಹೇಳಿದರು. ಕಾರಣ ಕೇಳಲಿಲ್ಲ. ಹೊಸಬಳಿಗೆ ಸಂಬಂಧಗಳನ್ನು ತೋರಿಸಿಕೊಟ್ಟರು. ಗೊಣಗಿದವರೇ ಮೊದಲು ಅವಳ ಎಲೆಗೆ ಪಾಯಸ ಬಡಿಸಿದರು.